ಒಂದು ಕೇಕಿನ ಹಿಟ್ಟಿಗೆ ಎಷ್ಟು ಮಫಿನ್? ಅಚ್ಚು ಎಲ್ಲಿವರೆಗೆ ತುಂಬಬೇಕು?

ನಾದಿನಿಯ ಮಗಳ ಹುಟ್ಟುಹಬ್ಬ. "ಕೇಕ್ ಕತ್ತರಿಸಿ ಹಂಚೋ ರಗಳೆ ಬೇಡ ಅತ್ತಿಗೆ, ಅದೇ ಹಿಟ್ಟಲ್ಲಿ ಮಫಿನ್ ಮಾಡಿಬಿಡೋಣ" ಎಂದಳು. ಸರಿ ಎಂದು ನಮ್ಮ ಮಾಮೂಲಿ ಮೊಸರು ಕೇಕಿನ ಹಿಟ್ಟು ಕಲಸಿದೆ. ಅವಳ ಹತ್ತಿರ ಇದ್ದದ್ದು 8 ಅಚ್ಚು. ಹಿಟ್ಟು ಉಳಿಸಬಾರದೆಂದು ಅವಳು ಎಂಟಕ್ಕೂ ಕಂಠಮಟ್ಟ ಸುರಿದಳು. ಹತ್ತು ನಿಮಿಷಕ್ಕೆ ಓವನ್‌ನಿಂದ ಹೊಗೆ. ಬಾಗಿಲು ತೆಗೆದರೆ ಎಂಟು ಮಫಿನ್‌ಗಳ ತಲೆಯೂ ಒಂದಕ್ಕೊಂದು ಅಂಟಿ ಒಂದೇ ಹಾಸಿಗೆಯಾಗಿತ್ತು. ಚೆಲ್ಲಿದ ಹಿಟ್ಟು ಕೆಳಗಿನ ಕಾಯಿಲ್ ಮೇಲೆ ಸೀದು ಕರಕಲು. ಒಂದನ್ನು ಬಿಡಿಸಿ ನೋಡಿದರೆ ಅಂಚು ಕಂದು, ನಡುವೆ ಹಸಿ.

ಇದು ಅವಳೊಬ್ಬಳ ತಪ್ಪಲ್ಲ. ಕೇಕ್ ಚೆನ್ನಾಗಿ ಮಾಡುವವರೂ ಮಫಿನ್‌ಗೆ ಬಂದಾಗ ಎಡವುವುದು ಇಲ್ಲೇ. ರೆಸಿಪಿಯಲ್ಲಿ "8 ಇಂಚಿನ ಟಿನ್" ಎಂದು ಬರೆದಿರುತ್ತದೆ, ಎಷ್ಟು ಮಫಿನ್ ಆಗುತ್ತದೆ ಎಂದು ಇರುವುದಿಲ್ಲ. ಆಗ ನಾವು ಕೈಯಲ್ಲಿರುವ ಅಚ್ಚಿನ ಲೆಕ್ಕಕ್ಕೆ ಹಿಟ್ಟನ್ನು ಹಂಚುತ್ತೇವೆ. ಮಾಡಬೇಕಾದ್ದು ಉಲ್ಟಾ. ಒಂದು ಅಚ್ಚಿಗೆ ಎಷ್ಟು ಹಿಟ್ಟು ಎಂದು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಅಚ್ಚು ಎಣಿಸಬೇಕು.

(ಕೇಕಿನ ಹಿಟ್ಟಿನಲ್ಲಿ ಮಾಡಿದ್ದು ಮಫಿನ್ ಅಲ್ಲ, ಕಪ್ ಕೇಕ್ ಎಂದು ವಾದಿಸುವವರಿದ್ದಾರೆ. ಅವರು ಹೇಳುವುದು ಸರಿಯೇ. ಅಚ್ಚಿಗೆ ಮಾತ್ರ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.)

ಹಂತ 1: ಅಚ್ಚನ್ನು ನೀರಿನಿಂದ ಅಳೆಯಿರಿ

ಸಾಮಾನ್ಯ ಮಫಿನ್ ಅಚ್ಚು ಬಾಯಿಯ ಹತ್ತಿರ 7 ಸೆಂ.ಮೀ., ತಳದಲ್ಲಿ 5 ಸೆಂ.ಮೀ., ಎತ್ತರ ಮೂರೂವರೆ ಸೆಂ.ಮೀ. ಇರುತ್ತದೆ. ಅಂಚಿನವರೆಗೆ ಸುಮಾರು 100 ಮಿ.ಲೀ. ನೀರು ಹಿಡಿಯುತ್ತದೆ. ನಿಮ್ಮದು ಇಷ್ಟೇ ಇದೆಯೆಂದು ನಂಬಬೇಡಿ. ಅಂಗಡಿಯಲ್ಲಿ ಒಂದೇ ಹೆಸರಲ್ಲಿ ಮೂರು ಅಳತೆ ಸಿಗುತ್ತದೆ.

ಅಳತೆಯ ಕಪ್‌ಗಳ ಸೆಟ್‌ನಲ್ಲಿ ಕಾಲು ಕಪ್ ಇರುತ್ತದಲ್ಲ, ಅದು 60 ಮಿ.ಲೀ. ಅದರ ತುಂಬ ನೀರು ತೆಗೆದುಕೊಂಡು ಒಂದು ಅಚ್ಚಿಗೆ ಸುರಿಯಿರಿ. ನೀರು ಅಂಚಿನಿಂದ ಕಿರುಬೆರಳಿನ ಅಗಲದಷ್ಟು ಕೆಳಗೆ ನಿಂತರೆ ಅದೇ ಮೂರರಲ್ಲಿ ಎರಡು ಭಾಗ. ನಿಮ್ಮ ಅಚ್ಚಿಗೆ ಕಾಲು ಕಪ್ ಸರಿ. ನೀರು ಅಂಚಿಗೇ ಬಂದರೆ ಅಚ್ಚು ಚಿಕ್ಕದು, ಅರ್ಧದಲ್ಲೇ ನಿಂತರೆ ದೊಡ್ಡದು. ಆಗ ಚಮಚದಲ್ಲಿ ನೀರು ತೆಗೆದೋ ಹಾಕಿಯೋ ಆ ಮಟ್ಟಕ್ಕೆ ತನ್ನಿ. ಒಂದು ಟೇಬಲ್ ಚಮಚ 15 ಮಿ.ಲೀ. ಎಷ್ಟಾಯಿತೆಂದು ನೆನಪಿಟ್ಟುಕೊಳ್ಳಿ. ಈ ಕೆಲಸ ಅಚ್ಚು ತಂದ ದಿನ ಒಮ್ಮೆ ಮಾಡಿದರೆ ಸಾಕು.

ಇಲ್ಲೇ ಪೇಪರ್ ಕಪ್ ವಿಷಯವನ್ನೂ ಹೇಳಿಬಿಡುತ್ತೇನೆ. ನೂರರ ಕಟ್ಟಿನಲ್ಲಿ ಬರುವ ತೆಳ್ಳನೆಯ ಬಣ್ಣದ ಕಪ್‌ಗಳನ್ನು ಅಚ್ಚಿನೊಳಗೆ ಕೂರಿಸಿಯೇ ಬಳಸಬೇಕು. ಸುಮ್ನೆ ತಟ್ಟೆ ಮೇಲಿಟ್ಟು ಹಿಟ್ಟು ಹಾಕಿದರೆ ಅಗಲವಾಗಿ ಬಿಚ್ಚಿಕೊಳ್ಳುತ್ತವೆ, ಮಫಿನ್ ಬದಲು ದಪ್ಪ ಬಿಸ್ಕತ್ತು ಸಿಗುತ್ತದೆ. ಸಿಲಿಕಾನ್ ಅಚ್ಚಾದರೆ ಮೊದಲು ತಟ್ಟೆ ಮೇಲೆ ಜೋಡಿಸಿ, ಆಮೇಲೆ ಹಿಟ್ಟು ತುಂಬಿ. ತುಂಬಿದ ಮೇಲೆ ಎತ್ತಲು ಹೋದರೆ ಅದು ಸೊಂಟ ಬಳುಕಿಸಿ ಹಿಟ್ಟು ಚೆಲ್ಲುತ್ತದೆ.

ಹಂತ 2: ಹಿಟ್ಟು ಕಲಸಿ, ತೂಗಿ

ಖಾಲಿ ಪಾತ್ರೆಯ ತೂಕ ಮೊದಲೇ ನೋಡಿಟ್ಟಿರಿ. ಕಲಸಿದ ಮೇಲೆ ಇಡೀ ಪಾತ್ರೆ ತೂಗಿ, ಅದನ್ನು ಕಳೆಯಿರಿ. ಇದು ಸುಲಭ.

ಹಂತ 3: ಒಂದು ಅಚ್ಚಿನ ತೂಕ ಕಂಡುಹಿಡಿಯಿರಿ

ಎಡವಟ್ಟಾಗುವುದು ಇಲ್ಲಿ. ಒಂದು ಮಫಿನ್‌ಗೆ 60 ಗ್ರಾಂ ಹಿಟ್ಟು ಎಂದು ಯಾರೋ ಹೇಳಿದ್ದನ್ನು ಕೇಳಿ ಎಲ್ಲ ಹಿಟ್ಟಿಗೂ ಅದನ್ನೇ ಹಾಕುವವರಿದ್ದಾರೆ. ಹಿಟ್ಟಿನಲ್ಲಿ ಎಷ್ಟು ಗಾಳಿ ಇದೆ ಎಂಬುದರ ಮೇಲೆ ತೂಕ ಬದಲಾಗುತ್ತದೆ.

ನಮ್ಮ ಮೊಸರು ಕೇಕ್ ತೆಗೆದುಕೊಳ್ಳಿ. ಒಂದೂವರೆ ಕಪ್ ಮೈದಾ 190 ಗ್ರಾಂ, ಒಂದು ಕಪ್ ಸಕ್ಕರೆ 200, ಒಂದು ಕಪ್ ಗಟ್ಟಿ ಮೊಸರು 240, ಅರ್ಧ ಕಪ್ ಎಣ್ಣೆ 110. ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ, ಒಂದು ಟೀ ಚಮಚ ವೆನಿಲಾ ಎಲ್ಲ ಸೇರಿ ಇನ್ನೊಂದು ಹತ್ತು ಗ್ರಾಂ. ಒಟ್ಟು 750. ಈ ಹಿಟ್ಟು ಇಡ್ಲಿ ಹಿಟ್ಟಿನಂತೆ ಭಾರ. ಕಾಲು ಕಪ್ ತುಂಬಿ ತೂಗಿದರೆ 60 ಗ್ರಾಂ ಆಸುಪಾಸು ಬರುತ್ತದೆ. 750 ಭಾಗ 60, ಹನ್ನೆರಡೂವರೆ. ಪಾತ್ರೆಗೆ, ಚಮಚಕ್ಕೆ ಅಂಟುವುದು ಇಪ್ಪತ್ತು ಇಪ್ಪತ್ತೈದು ಗ್ರಾಂ. ಅಂದರೆ ಸರಿಯಾಗಿ 12 ಮಫಿನ್.

ಈಗ ಮೊಟ್ಟೆ ನೊರೆ ಬರಿಸಿ ಮಾಡುವ ಸ್ಪಾಂಜ್ ನೋಡಿ. 4 ಮೊಟ್ಟೆ, 120 ಗ್ರಾಂ ಸಕ್ಕರೆ, 120 ಗ್ರಾಂ ಮೈದಾ. ಒಟ್ಟು ಸುಮಾರು 440 ಗ್ರಾಂ. ಅರವತ್ತರಿಂದ ಭಾಗಿಸಿದರೆ ಏಳು ಎಂದು ಬರುತ್ತದೆ. ಏಳು ಅಚ್ಚಿಗೆ ತುಂಬಲು ಹೋಗಿ, ಚೆಲ್ಲಿಹೋಗುತ್ತದೆ. ಆ ಹಿಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯೇ ಇರುವುದರಿಂದ ಕಾಲು ಕಪ್ಪಿಗೆ 30 ಗ್ರಾಂ ತೂಗಿದರೆ ಹೆಚ್ಚು. ಇಂಥ ಹಿಟ್ಟನ್ನು ಅಚ್ಚಿನ ಮುಕ್ಕಾಲು ಭಾಗ, ಅಂದರೆ ಕಾಲು ಕಪ್ಪಿಗಿಂತ ತುಸು ಜಾಸ್ತಿ ತುಂಬುವುದರಿಂದ, ನಿಜವಾಗಿ ಹನ್ನೆರಡು ಹದಿಮೂರು ಮಫಿನ್ ಆಗುತ್ತವೆ.

ಆದ್ದರಿಂದ ಯಾರ ಸಂಖ್ಯೆಯನ್ನೂ ನಂಬಬೇಡಿ, ನನ್ನದನ್ನೂ. ನಿಮ್ಮ ಹಿಟ್ಟನ್ನು ಕಾಲು ಕಪ್ ತುಂಬಿ, ಅಂಚು ಸಮ ಮಾಡಿ, ತೂಗಿ ನೋಡಿ. ಒಟ್ಟು ತೂಕವನ್ನು ಅದರಿಂದ ಭಾಗಿಸಿ.

ತಕ್ಕಡಿ ಇಲ್ಲವೇ? ಕೇಕ್ ಟಿನ್‌ನಿಂದ ಅಂದಾಜು ಮಾಡಬಹುದು. 2 ಇಂಚು ಎತ್ತರದ ಗುಂಡು ಟಿನ್ ಅರ್ಧ ತುಂಬುವಷ್ಟು ಹಿಟ್ಟಿದ್ದರೆ, 6 ಇಂಚಿನದಕ್ಕೆ 7 ಮಫಿನ್, 7 ಇಂಚಿನದಕ್ಕೆ 10, 8 ಇಂಚಿನದಕ್ಕೆ 12 ಅಥವಾ 13. ಒಂದೆರಡು ಹೆಚ್ಚುಕಡಿಮೆ ಆಗಬಹುದು.

ಹಂತ 4: ತುಂಬುವುದು

ಮೂರರಲ್ಲಿ ಎರಡು ಭಾಗ ಎಂಬುದು ಎಲ್ಲಕ್ಕೂ ಹೊಂದುವ ಮಾತಲ್ಲ. ಮೊಸರು ಮತ್ತು ಸೋಡಾ ಇರುವ ಹಿಟ್ಟು ಚೆನ್ನಾಗಿ ಉಬ್ಬುತ್ತದೆ, ಅದಕ್ಕೆ ಮೂರರಲ್ಲಿ ಎರಡಕ್ಕಿಂತ ಒಂದು ಚಮಚವೂ ಜಾಸ್ತಿ ಬೇಡ. ನೀರಿನಂತೆ ಸುರಿಯುವ ಚಾಕೊಲೇಟ್ ಹಿಟ್ಟಿಗೆ ಅರ್ಧ ದಾಟಿ ಸ್ವಲ್ಪ ಸಾಕು. ಅದು ಉಬ್ಬುವಾಗ ಮೇಲಕ್ಕಿಂತ ಪಕ್ಕಕ್ಕೆ ಹರಿಯುವುದೇ ಹೆಚ್ಚು. ಬಾಳೆಹಣ್ಣು, ಕ್ಯಾರೆಟ್ ಹಾಕಿದ ಗಟ್ಟಿ ಹಿಟ್ಟು ಕಡಿಮೆ ಉಬ್ಬುತ್ತದೆ, ನಾಲ್ಕರಲ್ಲಿ ಮೂರು ಭಾಗ ತುಂಬಬಹುದು. ನೊರೆಯ ಸ್ಪಾಂಜಿಗೂ ಅಷ್ಟೇ, ಅದರ ಗಾಳಿ ಮೊದಲೇ ಒಳಗಿದೆ.

ಕಡಿಮೆ ಹಾಕಿದರೆ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಅರ್ಧಕ್ಕಿಂತ ಕೆಳಗಿನ ಹಿಟ್ಟು ಅಚ್ಚಿನ ಗೋಡೆಯ ಮರೆಯಲ್ಲಿ ಬೇಯುತ್ತದೆ. ತಲೆ ಬಿಳಿಚಿಕೊಂಡು ಚಪ್ಪಟೆಯಾಗಿರುತ್ತದೆ, ಅದು ಬಣ್ಣ ಬರಲೆಂದು ಕಾಯುವಷ್ಟರಲ್ಲಿ ತಳ ಒಣಗಿರುತ್ತದೆ.

ತುಂಬುವಾಗ ಒಂದು ಉಪಾಯವಿದೆ. ತಕ್ಕಡಿ ಮೇಲೆ ಟ್ರೇ ಇಟ್ಟರೆ ಅಂಕಿಯೇ ಕಾಣುವುದಿಲ್ಲ, ಟ್ರೇ ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಹಿಟ್ಟಿನ ಪಾತ್ರೆಯನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಸೌಟಿನಲ್ಲಿ ಹಿಟ್ಟು ತೆಗೆದಂತೆ ಅಂಕಿ ಮೈನಸ್‌ಗೆ ಇಳಿಯುತ್ತದೆ. -60 ಬಂತೋ, ಆ ಹಿಟ್ಟು ಒಂದು ಗುಳಿಗೆ. ಮತ್ತೆ ಸೊನ್ನೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೈಗೆ ಅಂದಾಜು ಬಂದಿರುತ್ತದೆ. ನಿಮ್ಮ ತಕ್ಕಡಿ ಎರಡು ನಿಮಿಷಕ್ಕೆ ತಾನೇ ಆರಿಹೋಗುವ ಜಾತಿಯದಾಗಿದ್ದರೆ ನಡುವೆ ಫೋನ್ ಎತ್ತಿಕೊಳ್ಳಬೇಡಿ.

ತಕ್ಕಡಿ ಬೇಡವೆಂದರೆ ಕಾಲು ಕಪ್‌ಗೆ ಎಣ್ಣೆ ಸವರಿ ಅದರಿಂದಲೇ ಹಾಕಿ. ಎಣ್ಣೆ ಸವರದಿದ್ದರೆ ಪ್ರತಿ ಸಲ ಒಂದಿಷ್ಟು ಒಳಗೇ ಅಂಟಿ ಉಳಿಯುತ್ತದೆ.

ಎಲ್ಲ ತುಂಬಿದ ಮೇಲೆ ಪಾತ್ರೆಯಲ್ಲಿ ಎರಡು ಚಮಚ ಹಿಟ್ಟು ಉಳಿಯುತ್ತದೆ. ಅದನ್ನು "ಇರಲಿ" ಎಂದು ಎಲ್ಲದರ ಮೇಲೂ ಸ್ವಲ್ಪ ಸ್ವಲ್ಪ ಹಾಕುವ ಚಪಲ ಬರುತ್ತದೆ, ಅಲ್ವಾ? ಅಲ್ಲೇ ಕೆಡುವುದು. ಎಣ್ಣೆ ಸವರಿದ ಸ್ಟೀಲ್ ಬಟ್ಟಲಿಗೆ ಸುರಿದು ಪಕ್ಕದಲ್ಲೇ ಬೇಯಲು ಇಡಿ. ನಮ್ಮ ಮನೆಯಲ್ಲಿ ಅದು ಅಡುಗೆ ಮಾಡಿದವರ ಪಾಲು.

ಖಾಲಿ ಉಳಿದ ಗುಳಿಗಳಿಗೆ ನೀರು ಹಾಕಬೇಕೆಂದು ಹೇಳುತ್ತಾರೆ. ನಾನು ಹಾಕುವುದಿಲ್ಲ. ಹಾಕದೆಯೂ ಚೆನ್ನಾಗಿಯೇ ಬೇಯುತ್ತದೆ. ಟ್ರೇ ಹೊರತೆಗೆಯುವಾಗ ಬಿಸಿನೀರು ಕಾಲ ಮೇಲೆ ಚೆಲ್ಲುವುದು ಬೇಡ.

ಟ್ರೇಯಲ್ಲಿ ಆರೇ ಗುಳಿ ಇದ್ದರೆ

ಸಣ್ಣ ಓಟಿಜಿ ಒಳಗೆ 12 ಗುಳಿಯ ಟ್ರೇ ಹಿಡಿಸುವುದೇ ಇಲ್ಲ. ಆರರಂತೆ ಎರಡು ಸಲ ಬೇಯಿಸಬೇಕು. ಮೊಸರಿಗೆ ಸೋಡಾ ಬಿದ್ದ ಕ್ಷಣದಿಂದ ಗುಳ್ಳೆ ಏಳಲು ಶುರು. ಇಪ್ಪತ್ತು ನಿಮಿಷ ಕಾಯ್ದ ಹಿಟ್ಟಿನಲ್ಲಿ ಅಷ್ಟು ಗ್ಯಾಸ್ ಉಳಿದಿರುವುದಿಲ್ಲ, ಎರಡನೇ ಸಲದವು ಕುಳ್ಳಗಾಗುತ್ತವೆ. ಅದಕ್ಕೆ ಸೋಡಾ, ಬೇಕಿಂಗ್ ಪೌಡರ್‌ಗಳನ್ನು ಮೈದಾ ಜೊತೆ ಜರಡಿ ಹಿಡಿದು ಒಣ ಮಿಶ್ರಣ ಮಾಡಿಡಿ, ಸುಮಾರು 200 ಗ್ರಾಂ. ಮೊಸರು, ಸಕ್ಕರೆ, ಎಣ್ಣೆ ಬೇರೆ ಪಾತ್ರೆಯಲ್ಲಿ, 550 ಗ್ರಾಂ. ಮೊದಲು 275 ಗ್ರಾಂ ಹಸಿಗೆ 100 ಗ್ರಾಂ ಒಣ ಸೇರಿಸಿ ಆರು ತುಂಬಿ. ಅವು ಹೊರಬರುವ ಹೊತ್ತಿಗೆ ಉಳಿದರ್ಧ ಕಲಸಿ. ನೊರೆಯ ಸ್ಪಾಂಜನ್ನಂತೂ ಕಾಯಿಸಲೇಬೇಡಿ, ಎರಡು ಮೊಟ್ಟೆಯ ಅಳತೆಯಲ್ಲೇ ಮಾಡಿ.

ಹಂತ 5: ಬೇಯಿಸುವುದು

ಕೇಕಿಗೆ 180 ಡಿಗ್ರಿಯಲ್ಲಿ 35–40 ನಿಮಿಷ ಎಂದಿದ್ದರೆ, ಅದೇ ಬಿಸಿಯಲ್ಲಿ ಮಫಿನ್‌ಗೆ 18–22 ನಿಮಿಷ. ಹದಿನಾರನೇ ನಿಮಿಷಕ್ಕೆ ಗಾಜಿನಿಂದ ನೋಡಿ, ಬಾಗಿಲು ತೆಗೆಯಬೇಡಿ. ಕಡ್ಡಿ ಚುಚ್ಚುವುದು ನಡುವಿನ ಮಫಿನ್‌ಗೆ. ಐದು ನಿಮಿಷ ಅಚ್ಚಿನಲ್ಲೇ ಬಿಟ್ಟು ಹೊರತೆಗೆಯಿರಿ, ಇಲ್ಲವಾದರೆ ತಳ ಬೆವರುತ್ತದೆ.

ಹೊಸ ರೆಸಿಪಿಯಾದರೆ ನಾನು ಮೊದಲ ಆರರಲ್ಲಿ ಎರಡನ್ನು ಅರ್ಧ, ಎರಡನ್ನು ಮೂರರಲ್ಲಿ ಎರಡು, ಎರಡನ್ನು ಮುಕ್ಕಾಲು ತುಂಬುತ್ತೇನೆ. ತಲೆ ಅಂಚಿನ ಮೇಲೆ ಗುಮ್ಮಟದಂತೆ ನಿಂತು, ಪಕ್ಕಕ್ಕೆ ಚಾಚದೆ ಇರುವುದು ಯಾವುದೆಂದು ಕಂಡೇ ಹೋಗುತ್ತದೆ. ಮುಂದಿನ ಸಲಕ್ಕೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿಡುತ್ತೇನೆ. ಮೊಸರು ಕೇಕಿನ ಪುಟದಲ್ಲಿ ಎಣ್ಣೆಯ ಕಲೆಯ ಪಕ್ಕ ಹೀಗಿದೆ: "12. 60 ಗ್ರಾಂ. 20 ನಿಮಿಷ. ನಾದಿನಿಯ ಸಿಲಿಕಾನ್ ಅಚ್ಚು ಚಿಕ್ಕದು, 45 ಗ್ರಾಂ."