ಲಾಕ್‌ಡೌನ್ ನಡುವೆ ನಮ್ಮ ಪೂರ್ವನೋಂದಣಿ: ಏನು ಬದಲಾಯಿತು, ಹೇಗೆ ದಾಖಲಿಸಿದೆವು

ಭ್ರಮೆ, ಭ್ರಾಂತಿಗಳು ಕಾಡುವ ಮಾನಸಿಕ ಕಾಯಿಲೆಯಾದ ಸೈಕೋಸಿಸ್ ಮೊದಲ ಬಾರಿ ಕಾಣಿಸಿಕೊಂಡು ಆಸ್ಪತ್ರೆಗೆ ಬಂದವರನ್ನು ಒಂದು ವರ್ಷದವರೆಗೆ ಗಮನಿಸುವ ಸಮೂಹ ಅಧ್ಯಯನ ನಮ್ಮದು. ಕಾಯಿಲೆ ಶುರುವಾಗಿ ಚಿಕಿತ್ಸೆ ಸಿಗುವವರೆಗೆ ಕಳೆದ ಕಾಲ ಹೆಚ್ಚಾದಷ್ಟೂ ವರ್ಷದ ಕೊನೆಗೆ ಚೇತರಿಕೆ ಕಡಿಮೆಯಾಗುತ್ತದೆಯೇ ಎಂಬುದು ನಮ್ಮ ಪ್ರಶ್ನೆ. 2019ರಲ್ಲಿ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆ, ಯೋಜನೆಯನ್ನು ಎರಡು ಕಡೆ ನೋಂದಾಯಿಸಿದೆವು. ಭಾರತದ ವೈದ್ಯಕೀಯ ಪ್ರಯೋಗಗಳ ಸಾರ್ವಜನಿಕ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐ ಔಷಧ ಪ್ರಯೋಗಗಳನ್ನು ಮಾತ್ರವಲ್ಲದೆ ವೀಕ್ಷಣಾ ಅಧ್ಯಯನಗಳನ್ನೂ ಸ್ವೀಕರಿಸುತ್ತದೆ. ಆದರೆ ಅದರ ನಮೂನೆಯಲ್ಲಿ ವಿಶ್ಲೇಷಣೆಯ ವಿವರ ಬರೆಯಲು ಹೆಚ್ಚು ಜಾಗವಿಲ್ಲ. ಹಾಗಾಗಿ ಪೂರ್ತಿ ಯೋಜನೆಯನ್ನು ಸಂಶೋಧಕರು ತಮ್ಮ ಯೋಜನೆಗಳನ್ನು ನೋಂದಾಯಿಸುವ ಜಾಲತಾಣವಾದ ಒಎಸ್‌ಎಫ್‌ನಲ್ಲಿ (osf.io) ಇಟ್ಟೆವು. ಅಲ್ಲಿ ನೋಂದಣಿಯಾದ ಕ್ಷಣದಿಂದ ದಾಖಲೆಗೆ ದಿನಾಂಕದ ಮುದ್ರೆ ಬೀಳುತ್ತದೆ, ಮೂಲ ಪ್ರತಿಯನ್ನು ಯಾರೂ ತಿದ್ದಲಾಗುವುದಿಲ್ಲ. ಬೇಕಿದ್ದರೆ ನಾಲ್ಕು ವರ್ಷದವರೆಗೆ ಗುಟ್ಟಾಗಿಯೂ ಇಡಬಹುದು.

ಯೋಜನೆ ಬರೆಯುವಾಗ ಹೆಚ್ಚು ಹೊತ್ತು ಹಿಡಿದದ್ದು 'ಚಿಕಿತ್ಸೆಯಿಲ್ಲದೆ ಕಳೆದ ಕಾಲ'ವನ್ನು ಲೆಕ್ಕ ಹಾಕುವ ನಿಯಮ. "ಯಾವಾಗ ಶುರುವಾಯಿತು?" ಎಂದು ಕೇಳಿದರೆ ನಮ್ಮ ಕಡೆಯ ಮನೆಯವರು ತಾರೀಖು ಹೇಳುವುದಿಲ್ಲ. "ಹೋದ ದಸರಾದ ಹೊತ್ತಿಗೆ", "ರಾಗಿ ಕೊಯ್ಲಿನಲ್ಲಿ", "ತಂಗಿ ಮದುವೆಗೆ ಮುಂಚೆ" ಎನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನೆನಪಿಗೆ ಅದಕ್ಕಿಂತ ಗಟ್ಟಿ ಆಧಾರ ಸಿಗುವುದು ಕಷ್ಟ. ಹಬ್ಬ ಹೇಳಿದರೆ ಆ ವರ್ಷದ ಹಬ್ಬದ ದಿನ, ತಿಂಗಳು ಮಾತ್ರ ಗೊತ್ತಿದ್ದರೆ 15ನೇ ತಾರೀಖು, ಇಬ್ಬರು ಎರಡು ಬಗೆಯಾಗಿ ಹೇಳಿದರೆ ರೋಗಿಯ ಜೊತೆ ಒಂದೇ ಮನೆಯಲ್ಲಿರುವವರ ಮಾತು ಎಂದು ಬರೆದಿಟ್ಟೆವು. ಕಾಲಾವಧಿ ಮುಗಿಯುವುದು ಯಾವಾಗ ಎಂಬುದೂ ಸುಲಭದ ಪ್ರಶ್ನೆಯಲ್ಲ. ಊರಿನ ವೈದ್ಯರು ಕೊಟ್ಟ ಸೈಕೋಸಿಸ್ ಮಾತ್ರೆಯನ್ನು ಎರಡು ದಿನ ನುಂಗಿ ಬಿಟ್ಟವರು ಇರುತ್ತಾರೆ. ಒಂದು ತಿಂಗಳಾದರೂ ಬಿಡದೆ ಸೇವಿಸಿದ ಮೊದಲ ಔಷಧದ ಮೊದಲ ದಿನವೇ ಕೊನೆಯ ದಿನ ಎಂದು ತೀರ್ಮಾನಿಸಿದೆವು. ಈ ನಿಯಮಗಳನ್ನು ಫಲಿತಾಂಶ ಕಂಡ ಮೇಲೆ ಆರಿಸಿಕೊಳ್ಳುವಂತಿದ್ದರೆ, ಒಂದೇ ದತ್ತಾಂಶದಿಂದ ಬೇಕಾದ ಉತ್ತರವನ್ನು ಹೊರಡಿಸಬಹುದು.

ಮುಖ್ಯ ವಿಶ್ಲೇಷಣೆಯನ್ನು ಮಾತಿನಲ್ಲಿ ವಿವರಿಸುವುದರ ಜೊತೆಗೆ ಸೂತ್ರವಾಗಿಯೂ ಕೊಟ್ಟೆವು. ಮಾತಿಗೆ ಎರಡರ್ಥ ಬರಬಹುದು, ಸೂತ್ರಕ್ಕೆ ಬರುವುದಿಲ್ಲ.

```
remit12 ~ log(dup_days + 1) + age + sex + onset_mode
```

ಇಲ್ಲಿ remit12 ಎಂದರೆ ವರ್ಷದ ಕೊನೆಗೆ ಚೇತರಿಕೆ, dup_days ಎಂದರೆ ಚಿಕಿತ್ಸೆಯಿಲ್ಲದೆ ಕಳೆದ ದಿನಗಳು. ಆ ಅವಧಿಯನ್ನು ಲಾಗ್‌ಗೆ ಬದಲಿಸಿದ್ದು ಕೆಲವರದು ವಾರಗಳಲ್ಲಿ, ಕೆಲವರದು ಹಲವು ವರ್ಷಗಳಲ್ಲಿ ಇರುವುದರಿಂದ. ಕೊನೆಯ ಅಂಶ ಕಾಯಿಲೆ ಶುರುವಾದ ಬಗೆಯನ್ನು ಹೇಳುತ್ತದೆ. ಸದ್ದಿಲ್ಲದೆ ನಿಧಾನವಾಗಿ ಬರುವ ಕಾಯಿಲೆಯನ್ನು ಮನೆಯವರು ತಡವಾಗಿ ಗುರುತಿಸುತ್ತಾರೆ. ಅಂಥ ಕಾಯಿಲೆಯ ಮುನ್ನೋಟವೂ ಹೆಚ್ಚಾಗಿ ಒಳ್ಳೆಯದಿರುವುದಿಲ್ಲ. ಇದನ್ನು ಬಿಟ್ಟರೆ ತಪ್ಪೆಲ್ಲ ತಡದ ಮೇಲೆ ಬೀಳುತ್ತದೆ. ದಾಖಲಾದಾಗಿನ ರೋಗಲಕ್ಷಣದ ತೀವ್ರತೆಯನ್ನು ಬೇಕೆಂದೇ ಸೇರಿಸಲಿಲ್ಲ. ತೀವ್ರತೆ ಆ ತಡದ ಪರಿಣಾಮವೇ ಆಗಿರಬಹುದು. ಅದನ್ನು ಸರಿದೂಗಿಸಿದರೆ ನಾವು ಹುಡುಕುತ್ತಿರುವುದನ್ನೇ ಅಳಿಸಿದಂತೆ. ಹಾಗೆಯೇ, ವರ್ಷದೊಳಗೆ ರೋಗನಿರ್ಣಯ ಬದಲಾಗಿ ಬೈಪೋಲಾರ್ ಎಂದಾದವರೂ ಸಮೂಹದಲ್ಲೇ ಉಳಿಯುತ್ತಾರೆ ಎಂದು ಬರೆದೆವು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂತು. ಭೇಟಿಗಳು ನಿಂತು ಫೋನ್ ಕರೆಗಳಾದವು. ಇದರಿಂದ ನಮಗಾದ ತೊಂದರೆ ಬಹಳ ನಿರ್ದಿಷ್ಟ. ನ್ಯಾನ್ಸಿ ಆಂಡ್ರಿಯಾಸೆನ್ ನೇತೃತ್ವದ ತಂಡ 2005ರಲ್ಲಿ ಕೊಟ್ಟ ಚೇತರಿಕೆಯ ಮಾನದಂಡವನ್ನು ನಾವು ಬಳಸುತ್ತಿದ್ದೆವು. ರೋಗಲಕ್ಷಣಗಳ ತೀವ್ರತೆಗೆ ಅಂಕ ಕೊಡುವ ಪ್ಯಾನ್ಸ್ ಮಾಪನದ ಎಂಟು ಅಂಶಗಳಲ್ಲಿ ಪ್ರತಿಯೊಂದರ ಅಂಕವೂ 3 ಅಥವಾ ಅದಕ್ಕಿಂತ ಕಡಿಮೆಯಿದ್ದು, ಆರು ತಿಂಗಳು ಹಾಗೇ ಉಳಿಯಬೇಕು. ಆ ಎಂಟರಲ್ಲಿ ಎರಡನ್ನು ಕಣ್ಣಾರೆ ನೋಡದೆ ಅಳೆಯಲಾಗದು: N1 ಎಂಬ ಭಾವಹೀನ ಮುಖಭಾವ, G5 ಎಂಬ ವಿಚಿತ್ರ ಭಂಗಿ ಮತ್ತು ಚೇಷ್ಟೆ. ಫೋನಿನಲ್ಲಿ ಮುಖ ಕಾಣುವುದಿಲ್ಲ. ಹಳ್ಳಿಯಿಂದ ಬರುತ್ತಿದ್ದ ಬಹುಪಾಲು ಕುಟುಂಬಗಳಿಗೆ ವಿಡಿಯೊ ಕರೆಯ ಅನುಕೂಲವೂ ಇರಲಿಲ್ಲ.

ಫೋನಿನಲ್ಲಿ ಸಿಕ್ಕವರನ್ನು 'ಮಾಹಿತಿ ಇಲ್ಲ' ಎಂದು ಬಿಡುವುದು ಒಂದು ದಾರಿ. ಹಿಂದಿನ ಭೇಟಿಯ ಅಂಕವನ್ನೇ ಎಳೆದು ತರುವುದು ಇನ್ನೊಂದು. ನನಗೆ ಇದು ಸ್ವಲ್ಪವೂ ಇಷ್ಟವಿಲ್ಲ, ಏಕೆಂದರೆ ಬದಲಾವಣೆಯನ್ನು ಅಳೆಯಲು ಹೊರಟವರು ಬದಲಾವಣೆ ಇಲ್ಲವೆಂದು ಊಹಿಸಿದಂತಾಗುತ್ತದೆ. ಉಳಿದ ಆರು ಅಂಶಗಳಿಂದಲೇ ಎಲ್ಲರನ್ನೂ, ಮುಖಾಮುಖಿ ನೋಡಿದವರನ್ನು ಸಹ, ಅಳೆಯುವುದು ನಾವು ಆರಿಸಿಕೊಂಡ ದಾರಿ. ಅರ್ಧ ಜನಕ್ಕೆ ಒಂದು ಅಳತೆಗೋಲು, ಇನ್ನರ್ಧಕ್ಕೆ ಇನ್ನೊಂದು ಎಂದಾಗಬಾರದು. ಎಂಟು ಅಂಶಗಳ ಮೂಲ ಲೆಕ್ಕವನ್ನು ಪೂರ್ತಿ ಮಾಹಿತಿಯಿದ್ದವರಿಗೆ ಮಾಡಿ ಪಕ್ಕದಲ್ಲೇ ಕೊಡುವುದೆಂದೂ ಒಪ್ಪಿಕೊಂಡೆವು.

ಆರು ಅಂಶ ಎಂಟಕ್ಕೆ ಎಷ್ಟು ಹತ್ತಿರ ಎಂದು ತಿಳಿಯಲು ಆಗಲೇ ಮುಖಾಮುಖಿ ಕಂಡವರ ಅಂಕಗಳನ್ನು ನೋಡಲೇಬೇಕಿತ್ತು. ಆ ಕಡತದಿಂದ ಚಿಕಿತ್ಸೆಯಿಲ್ಲದ ಅವಧಿಯ ಕಾಲಂ ತೆಗೆದು, ಅದನ್ನು ಈ ತೀರ್ಮಾನದಲ್ಲಿ ಪಾಲ್ಗೊಳ್ಳದ ಸಹೋದ್ಯೋಗಿಯ ಬಳಿ ಇಟ್ಟೆವು. ಚೇತರಿಕೆಯ ಅಂಕ ಕಂಡಿತು, ಅದಕ್ಕೂ ತಡಕ್ಕೂ ಇರುವ ನಂಟು ಕಾಣಲಿಲ್ಲ.

ಬದಲಾವಣೆಯ ದಾಖಲೆಯಲ್ಲಿ ನಾವು ಬರೆದದ್ದು ಇದನ್ನೇ. ಒಂದು ಸಾಲಿನಲ್ಲಿ ದಿನಾಂಕ, ಯೋಜನೆಯ ಯಾವ ಭಾಗ, ಅಲ್ಲಿ ಏನಿತ್ತು, ಈಗ ಏನು ಮಾಡುತ್ತೇವೆ, ಯಾಕೆ, ಯಾರು ಒಪ್ಪಿದರು. ಇಷ್ಟನ್ನು ಬಹಳ ಮಂದಿ ಬರೆಯುತ್ತಾರೆ. ನಾನು ಪಟ್ಟು ಹಿಡಿದು ಸೇರಿಸಿದ ಕಾಲಂಗಳು ಎರಡು. ಒಂದು, ತೀರ್ಮಾನಿಸುವ ಹೊತ್ತಿಗೆ ದತ್ತಾಂಶದಲ್ಲಿ ಏನೇನು ನೋಡಿದ್ದೆವು. ಇನ್ನೊಂದು, ಈ ಬದಲಾವಣೆ ಉತ್ತರವನ್ನು ಯಾವ ಕಡೆಗೆ ವಾಲಿಸಬಹುದು. ಎರಡು ಅಂಶ ಬಿಟ್ಟರೆ ಮಾನದಂಡ ಸಡಿಲವಾಗುತ್ತದೆ, ಚೇತರಿಸಿಕೊಂಡವರ ಸಂಖ್ಯೆ ಏರುತ್ತದೆ. ಹೊಸದಾಗಿ ಆ ಪಟ್ಟಿಗೆ ಸೇರುವವರು ಮುಖ್ಯವಾಗಿ ಭಾವಹೀನ ಮುಖದವರು. ತಡವಾಗಿ ಬಂದವರಲ್ಲಿ ಅಂಥವರು ಹೆಚ್ಚಿದ್ದರೆ, ತಡದ ಪರಿಣಾಮ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಬದಲಾವಣೆ ನಮ್ಮ ಊಹೆಗೆ ಅನುಕೂಲವೋ ಪ್ರತಿಕೂಲವೋ ಎಂದು ಓದುಗ ತೂಗಿ ನೋಡುವುದು ಈ ಎರಡು ಕಾಲಂಗಳಿಂದಲೇ.

ಮೂಲ ನೋಂದಣಿಯನ್ನು ಹಾಗೇ ಬಿಟ್ಟು, ಈ ದಾಖಲೆಯನ್ನು ದಿನಾಂಕ ಬೀಳುವಂತೆ ಬೇರೆ ಕಡತವಾಗಿ ನೋಂದಾಯಿಸಿದೆವು. ನೈತಿಕತಾ ಸಮಿತಿಯ ಒಪ್ಪಿಗೆ ಇದರಿಂದ ಸಿಕ್ಕಂತಾಗುವುದಿಲ್ಲ. ಫೋನ್ ಸಂದರ್ಶನಕ್ಕೆ, ಮೌಖಿಕ ಸಮ್ಮತಿಗೆ ತಿದ್ದುಪಡಿ ಅರ್ಜಿ ಬೇರೆಯೇ ಹೋಗಬೇಕು. ಇನ್ನೊಂದು ಎಚ್ಚರಿಕೆ ನಮ್ಮ ಮನೋವೈದ್ಯಕೀಯ ಶಾಖೆಗೇ ಸೇರಿದ್ದು. ಈ ಕಡತ ಸಾರ್ವಜನಿಕ, ಸಮೂಹ ಚಿಕ್ಕದು. 'ಇಂಥ ತಾಲ್ಲೂಕಿನ ಒಬ್ಬ ಮಹಿಳೆ ಆತ್ಮಹತ್ಯೆ ಮಾಡಿಕೊಂಡಿದ್ದರಿಂದ' ಎಂಬ ಸಾಲು ಅಲ್ಲಿ ಬಂದರೆ ಊರಿನವರಿಗೆ ಯಾರೆಂದು ತಿಳಿಯುತ್ತದೆ. 'ಅನುಸರಣೆ ಪೂರ್ಣಗೊಳ್ಳದ ಕಾರಣ' ಎಂದಷ್ಟೇ ಬರೆದು, ವಿವರವನ್ನು ಆಸ್ಪತ್ರೆಯ ಬೀಗದೊಳಗಿನ ಪ್ರತಿಯಲ್ಲಿ ಉಳಿಸಿದೆವು.

ಲೇಖನದ ವಿಧಾನ ಭಾಗದಲ್ಲಿ ಈ ಬದಲಾವಣೆಗೆ ಒಂದು ಪ್ಯಾರಾ ಕೊಟ್ಟು, ಪೂರ್ಣ ಕೋಷ್ಟಕವನ್ನು ಅನುಬಂಧದಲ್ಲಿ ಹಾಕಿದೆವು. ಪರಿಶೀಲಕರೊಬ್ಬರು ಆರಂಭದ ತೀವ್ರತೆಯನ್ನು ಸರಿದೂಗಿಸಿ ಎಂದರು. ಅದನ್ನು ಯಾಕೆ ಬಿಟ್ಟಿದ್ದೇವೆಂದು 2019ರ ಸಾಲನ್ನು ತೋರಿಸಿ, ಅವರು ಕೇಳಿದ ಲೆಕ್ಕವನ್ನು 'ಯೋಜನೆಯಲ್ಲಿ ಇಲ್ಲದ್ದು' ಎಂಬ ಶೀರ್ಷಿಕೆಯಡಿ ಮಾಡಿಕೊಟ್ಟೆವು. ಅದೂ ಕೋಷ್ಟಕದಲ್ಲಿ ಒಂದು ಸಾಲಾಯಿತು. ಹೆಸರು ಮುಚ್ಚಿದ ಪರಿಶೀಲನೆಯಾದ್ದರಿಂದ ಒಎಸ್‌ಎಫ್‌ನ ಅನಾಮಧೇಯ ಕೊಂಡಿಯನ್ನು ಕಳಿಸಿದೆವು. ಆ ಕೊಂಡಿ ಪುಟದ ಮೇಲಿನ ಹೆಸರುಗಳನ್ನಷ್ಟೇ ಮರೆಮಾಡುತ್ತದೆ. ಕಡತದ ಒಳಗಿರುವ ಹೆಸರು ಹಾಗೇ ಕಾಣುತ್ತದೆ. ಕಳಿಸುವ ಮುಂಚೆ ಕಡತದ ಹೆಸರು, ಮೊದಲ ಪುಟ, ಡಾಕ್ಯುಮೆಂಟ್ ಪ್ರಾಪರ್ಟೀಸ್ ಮೂರನ್ನೂ ತೆರೆದು ನೋಡಬೇಕು.