ಸಂಜೆಯ ಕೆಲಸಕ್ಕೆ ನಾನು ಬರೆದ ರಾಜೀನಾಮೆ

ವಿಜಯಪುರದಲ್ಲಿ ನನಗೆ ಎರಡು ಕೆಲಸಗಳಿದ್ದವು. ಹಗಲು ಒಂದು ಪತ್ತಿನ ಸೌಹಾರ್ದ ಸಹಕಾರಿಯ ಸಾಲ ವಿಭಾಗ, ಸಂಜೆ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಟ್ಯಾಲಿ. ಹೊರಗಡೆ ಲೆಕ್ಕ ಬರೆಯಲು ಸೌಹಾರ್ದದವರ ಲಿಖಿತ ಅನುಮತಿಯೂ ಇತ್ತು. ಎರಡಕ್ಕೂ ಸಂಬಂಧವಿಲ್ಲದಷ್ಟು ದಿನ ಎಲ್ಲ ಸರಳವಾಗಿತ್ತು. ಈ ಸಲದ ಸುಗ್ಗಿಗೆ ಸಾವ್ಕಾರರು ನಮ್ಮ ಸೌಹಾರ್ದದಲ್ಲೇ ಕ್ಯಾಶ್ ಕ್ರೆಡಿಟ್, ಅಂದರೆ ಮಿತಿಯೊಳಗೆ ಬೇಕಾದಾಗ ಹಣ ಎತ್ತುವ ಸಾಲ, ಕೇಳಬೇಕೆಂದು ಹೊರಟರು. ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮಾಲೇ ಅದಕ್ಕೆ ಆಧಾರ.

ತೊಡಕು ಎಲ್ಲಿದೆ ಎಂಬುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 40 ಲಕ್ಷ ರೂಪಾಯಿಯ ಮಾಲು ಇದೆ, ಅದರಲ್ಲಿ ರೈತರಿಗೆ ಇನ್ನೂ 10 ಲಕ್ಷ ಕೊಡುವುದಿದೆ ಅಂದುಕೊಳ್ಳಿ. ಹಣ ಕೊಡದ ಮಾಲು ಲೆಕ್ಕಕ್ಕೆ ಬರುವುದಿಲ್ಲ, ಉಳಿದದ್ದು 30 ಲಕ್ಷ. ಅದರಲ್ಲಿ ಸಾಲ ಕೊಡುವವರು ಭದ್ರತೆಗೆಂದು ಬಿಟ್ಟುಕೊಳ್ಳುವ 25 ಶೇಕಡಾ ಮಾರ್ಜಿನ್ ಕಳೆದರೆ ಎತ್ತಬಹುದಾದ ಹಣ ಇಪ್ಪತ್ತೆರಡೂವರೆ ಲಕ್ಷ. ರೈತರ ಆ 10 ಲಕ್ಷದ ಬಾಕಿ, ಮಾಲು ಮತ್ತು ಬಾಕಿಯ ಪಟ್ಟಿಯಾದ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಕಾಣದೇ ಹೋದರೆ ಅದೇ ಮಾಲಿಗೆ 30 ಲಕ್ಷ ಸಿಗುತ್ತದೆ. ಆ ಸ್ಟೇಟ್‌ಮೆಂಟ್ ಸಂಜೆ ತಯಾರು ಮಾಡುವವನೂ ನಾನೇ, ಮರುದಿನ ಬೆಳಿಗ್ಗೆ ಅದನ್ನು ತಪಾಸಣೆ ಮಾಡಿ ಸಹಿ ಹಾಕುವವನೂ ನಾನೇ. ನಾನು ಒಂದಂಕಿಯನ್ನೂ ಆಚೀಚೆ ಮಾಡದಿದ್ದರೂ ಆ ಸಹಿಗೆ ಬೆಲೆ ಇರುವುದಿಲ್ಲ.

ಫೈಲನ್ನು ಸಹೋದ್ಯೋಗಿಗೆ ಕೊಟ್ಟು ಎರಡೂ ಕೆಲಸ ಉಳಿಸಿಕೊಳ್ಳಬಹುದಿತ್ತಲ್ಲ ಎಂದು ಮನೆಯಲ್ಲಿ ಕೇಳಿದರು. ದೊಡ್ಡ ಕಚೇರಿಯಾದರೆ ನಡೆದೀತು. ನಮ್ಮ ಶಾಖೆಯಲ್ಲಿ ಸಾಲ ನೋಡುವವರು ಇಬ್ಬರೇ, ಟೇಬಲ್ಲಿಗೆ ಟೇಬಲ್ ತಾಗಿದೆ. ಮೇಲಾಗಿ ಕ್ಯಾಶ್ ಕ್ರೆಡಿಟ್ ಒಮ್ಮೆ ಕೊಟ್ಟು ಮುಗಿಯುವ ಸಾಲವಲ್ಲ, ತಿಂಗಳು ತಿಂಗಳು ಸ್ಟೇಟ್‌ಮೆಂಟ್ ಬರುತ್ತಲೇ ಇರುತ್ತದೆ.

ಮೊದಲು ನಮ್ಮ ವ್ಯವಸ್ಥಾಪಕರಿಗೆ ವಿಷಯವನ್ನು ಬರವಣಿಗೆಯಲ್ಲೇ ತಿಳಿಸಿದೆ. ಆಮೇಲೆ ಅಂಗಡಿಗೆ ಹೋಗಿ ಸಾವ್ಕಾರರ ಎದುರು ಕೂತು ಹೇಳಿದೆ. ಮುಖ ನೋಡಿ ಹೇಳದೆ ಬರೀ ಪತ್ರ ಕಳಿಸುವುದು ನಮ್ಮ ಕಡೆ ಮರ್ಯಾದೆಯಲ್ಲ.

"ಅಲ್ರೀ ಸರ, ನೀವು ಒಳಗ ಇದ್ರ ನಮ್ಮ ಫೈಲ್ ಲಗೂ ಹೋಗ್ತದ. ಅಂಥಾದ್ರಾಗ ಬಿಡ್ತೀನಂತೀರಲ್ಲ?"

"ಅದಕ್ಕ ಬಿಡಾಕತ್ತೀನ್ರೀ ಸಾವ್ಕಾರ್ರ."

ಅವರು ನಕ್ಕರು, ಚಹಾ ತರಿಸಿದರು, ಆದರೆ ಖುಷಿಯಾಗಲಿಲ್ಲ. ಪತ್ರದಲ್ಲಿ 'ವೈಯಕ್ತಿಕ ಕಾರಣ' ಎಂದು ಬರೆದು ಕೈ ತೊಳೆದುಕೊಳ್ಳಿ ಎಂದು ಅಂಗಡಿಯ ಇನ್ನೊಬ್ಬರು ಸಲಹೆ ಕೊಟ್ಟರು. ಅದು ಸುಳ್ಳು, ನಾಳೆ ಸಾಲದ ಫೈಲ್ ಯಾರಾದರೂ ತೆಗೆದು ನೋಡಿದರೆ ಏನನ್ನೋ ಮುಚ್ಚಿಟ್ಟಂತೆ ಕಾಣುತ್ತದೆ. ಹಾಗೆಂದು ಸಾವ್ಕಾರರು ಏನೋ ತಪ್ಪು ಮಾಡುತ್ತಿದ್ದಾರೆ ಎಂಬ ವಾಸನೆಯೂ ಬರಬಾರದು. ಕೊನೆಗೆ ಹೀಗೆ ಬರೆದೆ:

"ಮಾನ್ಯರೇ, ತಮ್ಮ ಅಂಗಡಿಯ ಲೆಕ್ಕಪತ್ರದ ಅರೆಕಾಲಿಕ ಕೆಲಸಕ್ಕೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ತಾವು ನಾನು ನೌಕರನಾಗಿರುವ ಸಹಕಾರಿಯಲ್ಲಿ ಸಾಲಕ್ಕೆ ಅರ್ಜಿ ಸಲ್ಲಿಸಲಿದ್ದೀರಿ. ತಮ್ಮ ಲೆಕ್ಕ ಬರೆಯುವುದು ಹಾಗೂ ಸಹಕಾರಿಯ ಪರವಾಗಿ ಅದನ್ನು ಪರಿಶೀಲಿಸುವುದು, ಎರಡೂ ನನ್ನ ಬಳಿ ಇರುವುದು ಸರಿಯಲ್ಲ. ಇದರಲ್ಲಿ ತಮ್ಮ ವ್ಯವಹಾರದ ಬಗ್ಗೆ ಯಾವ ಆಕ್ಷೇಪವೂ ಇಲ್ಲ. ಈ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸಿ, ಲೆಕ್ಕವನ್ನು ತಾವು ಹೇಳಿದವರಿಗೆ ಒಪ್ಪಿಸಿ ಬಿಡುಗಡೆ ಹೊಂದುತ್ತೇನೆ. ಇಲ್ಲಿ ತಿಳಿದ ವಿಷಯಗಳನ್ನು ಬೇರೆಡೆ ಬಳಸುವುದಿಲ್ಲ. ಇಷ್ಟು ವರ್ಷ ನಂಬಿ ಕೆಲಸ ಕೊಟ್ಟದ್ದಕ್ಕೆ ಕೃತಜ್ಞ."

ಸಾಲ ಸಿಗುತ್ತದೋ ಇಲ್ಲವೋ, ಎಷ್ಟು ಸಿಗಬಹುದು ಎಂಬುದರ ಒಂದು ಮಾತೂ ಪತ್ರದಲ್ಲಿಲ್ಲ. ಅದು ಸೌಹಾರ್ದದ ಒಳಗಿನ ಸಂಗತಿ. ಬಿಡುವ ದಿನವನ್ನು ಜಿಎಸ್‌ಟಿಆರ್-3ಬಿ ಸಲ್ಲಿಸುವ 20ನೇ ತಾರೀಖು ದಾಟಿಸಿ ಇಟ್ಟುಕೊಂಡೆ. ನಡುವೆ ಬಿಟ್ಟರೆ ದಂಡದ ಹೊರೆ ಅವರ ಮೇಲೆ. ಆದರೆ ಆ ದಿನಗಳಲ್ಲಿ ಸಾಲಕ್ಕೆ ಬೇಕಾದ ಸ್ಟಾಕ್ ಸ್ಟೇಟ್‌ಮೆಂಟನ್ನು ಮುಟ್ಟಲಿಲ್ಲ. ಅದನ್ನು ಅವರ ಆಡಿಟರ್ ಕಡೆಯವರು ಮಾಡಿದರು.

ಒಪ್ಪಿಸುವಾಗ ಹೆಚ್ಚು ಹೊತ್ತು ತಿಂದದ್ದು ಜಿಎಸ್‌ಟಿ ಪೋರ್ಟಲ್. ಅಲ್ಲಿ ನನ್ನ ಮೊಬೈಲ್ ನಂಬರ್ ಇತ್ತು, ಒಟಿಪಿ ನನಗೇ ಬರುತ್ತಿತ್ತು. ನಾನ್-ಕೋರ್ ತಿದ್ದುಪಡಿಯಲ್ಲಿ ಸಾವ್ಕಾರರ ನಂಬರ್ ಮತ್ತು ಇಮೇಲ್ ಹಾಕಿಸಿ, ಪಾಸ್‌ವರ್ಡನ್ನು ಅವರ ಮಗನಿಂದಲೇ ಬದಲು ಮಾಡಿಸಿದೆ. ಟ್ಯಾಲಿ ಬ್ಯಾಕಪ್ಪನ್ನು ಪೆನ್‌ಡ್ರೈವಿನಲ್ಲಿ ಕೊಟ್ಟು, ನನ್ನ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯನ್ನು ಅವರ ಎದುರೇ ಅಳಿಸಿದೆ. ಪತ್ರದ ನಕಲಿನ ಮೇಲೆ 'ಮುಟ್ಟಿತು' ಎಂದು ಸಹಿ, ತಾರೀಖು ಹಾಕಿಸಿಕೊಂಡೆ.

ಇಷ್ಟಕ್ಕೆ ಎಲ್ಲ ಮುಗಿಯುವುದಿಲ್ಲ. ಸಾಲದ ಅರ್ಜಿಗೆ ಹಿಂದಿನ ವರ್ಷಗಳ ಲೆಕ್ಕವೂ ಲಗತ್ತಾಗುತ್ತದೆ, ಅದು ನಾನು ಬರೆದದ್ದೇ. ಆದ್ದರಿಂದ ರಾಜೀನಾಮೆಯ ನಕಲನ್ನು ಲಗತ್ತಿಸಿ, ಈ ಖಾತೆಯ ಯಾವ ಕಾಗದವೂ ನನ್ನ ಟೇಬಲ್ಲಿಗೆ ಬರಬಾರದೆಂದು ವ್ಯವಸ್ಥಾಪಕರಿಗೆ ಇನ್ನೊಂದು ಪತ್ರ ಕೊಟ್ಟೆ. ಫೈಲ್ ನೇರವಾಗಿ ಪ್ರಧಾನ ಕಚೇರಿಗೆ ಹೋಯಿತು.