ಮಳೆಯಲ್ಲಿ ಗಾಜು ಮಂಜಾದಾಗ ನಾನು ಒತ್ತಿದ್ದು ತಪ್ಪು ಬಟನ್

ಮೊನ್ನೆ ಸಂಜೆ ಸಿಲ್ಕ್ ಬೋರ್ಡ್ ಹತ್ತಿರ ಜೋರು ಮಳೆ. ಕಾರಲ್ಲಿ ನಾಲ್ಕು ಜನ, ಮುಂದಿನ ಗಾಜು ಪೂರ್ತಿ ಮಂಜು. ಅಲೆಅಲೆ ಬಾಣಗಳಿದ್ದ ಬಟನ್ ಒತ್ತಿದೆ. ಏನೂ ಆಗಲಿಲ್ಲ. ನೋಡಿದರೆ ಆ ಬಾಣಗಳು ಆಯತದೊಳಗಿದ್ದವು. ಅದು ಹಿಂದಿನ ಗಾಜಿನದು. ಅಲ್ಲಿ ಅಂಟಿರುವ ಸಣ್ಣ ತಂತಿಗಳನ್ನು ಕರೆಂಟಿನಿಂದ ಬಿಸಿ ಮಾಡುತ್ತದೆ, ಅಷ್ಟೇ.

ಮುಂದಿನದಕ್ಕೆ ಮೇಲಂಚು ಬಾಗಿದ ಬೀಸಣಿಗೆಯಂಥ ಚಿತ್ರ. ಅದು ಗಾಳಿಯನ್ನು ಗಾಜಿಗೆ ತಿರುಗಿಸುತ್ತದೆ. ಒತ್ತಿದೆ, ಆದರೂ ಮಂಜು ಸರಿಯಾಗಿ ಹೋಗಲಿಲ್ಲ.

ನಿಜವಾದ ಕಳ್ಳ ಇನ್ನೊಂದು: ಕಾರಿನೊಳಗೆ ಸುತ್ತುವ ಬಾಣದ ಬಟನ್. ಹೊಗೆ ಬರಬಾರದು ಅಂತ ಅದನ್ನು ಸದಾ ಆನ್ ಇಡುತ್ತಿದ್ದೆ. ಒಳಗಿನ ಗಾಳಿಯೇ ಸುತ್ತುತ್ತದೆ, ನಮ್ಮ ಉಸಿರಿನ ತೇವವೂ ಒಳಗೇ ಉಳಿಯುತ್ತದೆ ಅಲ್ವಾ? ಅದನ್ನು ಆಫ್ ಮಾಡಿ, ಎಸಿ ಹಾಕಿ, ಬಿಸಿಗಾಳಿ ಬಿಟ್ಟೆ. ಎಸಿ ತೇವ ಹೀರುತ್ತದೆ. ಸಿಗ್ನಲ್ ಬಿಡುವಷ್ಟರಲ್ಲಿ ಗಾಜು ತಿಳಿಯಾಯಿತು.